ಐವತ್ತರಲ್ಲಿ ಕೆಲಸ ಹೋದಾಗ: ಈ ತಿಂಗಳ ಲೆಕ್ಕ ಬೇರೆ, ಮುಂದಿನ ದಾರಿ ಬೇರೆ

ಇವರನ್ನು ಇಲ್ಲಿ ಶಿವಣ್ಣ ಅಂತ ಕರೆಯುತ್ತೇನೆ. ಅದು ಅವರ ಹೆಸರಲ್ಲ. ಊರು, ಮನೆಯ ವಿವರ, ಮೊತ್ತಗಳನ್ನೂ ಸ್ವಲ್ಪ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ವಯಸ್ಸು 50. ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಸುಲಿದು ವಿಂಗಡಿಸುವ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ 22 ವರ್ಷ ಕೆಲಸ, ಕೊನೆಯ ಒಂಬತ್ತು ವರ್ಷ ಗ್ರೇಡಿಂಗ್ ವಿಭಾಗದ ಉಸ್ತುವಾರಿ. ನವೆಂಬರ್ ಮಧ್ಯದಲ್ಲಿ ಒಂದು ಸಂಜೆ ಆಫೀಸಿಗೆ ಕರೆದು, ಗ್ರೇಡಿಂಗ್ ಕೆಲಸವೆಲ್ಲ ಇನ್ನೊಂದು ಯೂನಿಟ್‌ಗೆ ಹೋಗುತ್ತದೆ, ನಿಮಗೆ ಮೂರು ತಿಂಗಳ ಸಂಬಳ ಕೊಡುತ್ತೇವೆ ಅಂತ ಹೇಳಿ ಕಳಿಸಿದರು. ನನ್ನ ಹತ್ತಿರ ಸಲಹೆಗೆ ಬಂದಿದ್ದು ಇಪ್ಪತ್ತು ದಿನದ ಮೇಲೆ, ಅದೂ ಹೆಂಡತಿಯ ಒತ್ತಾಯಕ್ಕೆ.

ಮೊದಲ ದಿನ ಹಣದ ಮಾತು ಎತ್ತಲಿಲ್ಲ. ನಿದ್ದೆ, ಊಟ ಹೇಗಿದೆ ಅಂತ ಕೇಳಿದೆ, ಕುಡಿತ ಜಾಸ್ತಿ ಆಗಿದೆಯಾ ಅಂತ ಕೇಳಿದೆ. ಬದುಕು ಬೇಡ ಅನ್ನಿಸಿದೆಯಾ ಅಂತಲೂ ನೇರವಾಗಿ ಕೇಳಿದೆ. ಈ ಪ್ರಶ್ನೆ ಕೇಳಿದರೆ ಆ ಯೋಚನೆ ಬಂದುಬಿಡುತ್ತದೆ ಅಂತ ಹೆದರುವವರಿದ್ದಾರೆ, ಹಾಗೇನೂ ಆಗುವುದಿಲ್ಲ, ಕೇಳಿದರೆ ಹೆಚ್ಚಿನವರಿಗೆ ಹಗುರವಾಗುತ್ತದೆ. ಶಿವಣ್ಣನಿಗೆ ಅಂಥ ಯೋಚನೆ ಇರಲಿಲ್ಲ, ಆದರೆ ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ, ರಾತ್ರಿ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡಬಹುದು.

ಎರಡನೇ ಭೇಟಿಗೆ ಹೆಂಡತಿಯನ್ನೂ ಕರೆಸಿದೆ. ಆ ದಿನ ಗೊತ್ತಾಯಿತು, ಮನೆಯಲ್ಲಿ ಎರಡು ಮಾತು ನಡೆಯುತ್ತಿದೆ. ಒಂದು, ಭಾವಮೈದ ಹೋಂಸ್ಟೇ ಮಾಡುತ್ತಿದ್ದಾನೆ, ನಾಲ್ಕು ಲಕ್ಷ ಹಾಕಿದರೆ ಪಾಲುದಾರ ಮಾಡಿಕೊಳ್ಳುತ್ತಾನಂತೆ. ಇನ್ನೊಂದು, ಆಲ್ದೂರು ಕಡೆಯ ಒಂದು ಎಸ್ಟೇಟಿನಲ್ಲಿ ಲೆಕ್ಕ, ಹಾಜರಿ ಬರೆಯುವ ರೈಟರ್ ಕೆಲಸ ಇದೆ, ತಿಂಗಳಿಗೆ 18,000. ಹೋಂಸ್ಟೇಗೆ ಶಿವಣ್ಣ ಹೂಂ ಅಂದಾಗಿತ್ತು. ರೈಟರ್ ಕೆಲಸಕ್ಕೆ ಒಲ್ಲೆ ಅಂದಿದ್ದರು.

"ನಲವತ್ತಾರು ಸಾವಿರ ತಗೊಳ್ತಿದ್ದೆ ಮೇಡಂ. ಹದಿನೆಂಟಕ್ಕೆ ಹೋದ್ರೆ ನನ್ನ ಬೆಲೆ ಅಷ್ಟೇ ಅಂತ ಆಗಿಬಿಡುತ್ತೆ."

ನನ್ನ ಮಟ್ಟಿಗೆ ಇಡೀ ಪ್ರಕರಣ ಈ ಮಾತಿನಲ್ಲಿದೆ. ಐವತ್ತರ ಹತ್ತಿರ ಕೆಲಸ ಕಳೆದುಕೊಂಡು ಬರುವವರಲ್ಲಿ ಈ ತಪ್ಪನ್ನು ಮತ್ತೆ ಮತ್ತೆ ನೋಡಿದ್ದೇನೆ. ಎರಡು ಬೇರೆ ಪ್ರಶ್ನೆಗಳನ್ನು ಒಂದೇ ಉತ್ತರದಲ್ಲಿ ಮುಗಿಸಲು ಹೊರಡುತ್ತಾರೆ. ಈ ತಿಂಗಳು ಮನೆ ನಡೆಯುವುದು ಹೇಗೆ ಅನ್ನುವುದು ಒಂದು ಪ್ರಶ್ನೆ. ಇನ್ನು ಹತ್ತು ಹನ್ನೆರಡು ವರ್ಷ ನಾನು ಏನು ಮಾಡುತ್ತೇನೆ ಅನ್ನುವುದು ಇನ್ನೊಂದು. ಎರಡಕ್ಕೂ ಒಂದೇ ಉತ್ತರ ಬೇಕು ಅಂತ ಹಟ ಹಿಡಿದರೆ, ಸಿಕ್ಕ ಸಣ್ಣ ಕೆಲಸವೆಲ್ಲ ಅವಮಾನದ ಥರ ಕಾಣುತ್ತದೆ, ದೊಡ್ಡ ಮಾತಾಡುವ ಯೋಜನೆಯೆಲ್ಲ ದಾರಿಯ ಥರ ಕಾಣುತ್ತದೆ.

ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದುಕೊಂಡು ಮೂವರೂ ಕೂತೆವು. ಸಂಬಳ ಎಷ್ಟಿತ್ತು ಅನ್ನುವುದನ್ನು ಪಕ್ಕಕ್ಕಿಟ್ಟು, ತಪ್ಪಿಸಲಾಗದ ಖರ್ಚು ಮಾತ್ರ ಬರೆಸಿದೆ. ಮನೆ ಸಾಲದ ಕಂತು, ಹಾಸನದಲ್ಲಿ ಇಂಜಿನಿಯರಿಂಗ್ ಓದುವ ಮಗನ ಹಾಸ್ಟೆಲ್, ದಿನಸಿ, ಹಾಲು, ಗ್ಯಾಸ್, ಕರೆಂಟು, ಅಮ್ಮನ ಔಷಧಿ, ಪೆಟ್ರೋಲ್. 39,000 ಬಂತು. ಹೆಂಡತಿಯ ಟೈಲರಿಂಗ್‌ನಿಂದ 6,000 ಬರುತ್ತದೆ. ಅಂದರೆ ತಿಂಗಳಿಗೆ ಕೊರೆ ಬೀಳುವುದು 33,000. ಇದನ್ನು ಬರೆದ ಮೇಲೆ ಶಿವಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರ ತಲೆಯಲ್ಲಿ ಆವರೆಗೂ ಇದ್ದ ಸಂಖ್ಯೆ 46,000.

ಆಮೇಲೆ ಕೈಯಲ್ಲಿರುವುದು. ಮೂರು ತಿಂಗಳ ಸಂಬಳ 1,38,000. ಬ್ಯಾಂಕಿನ ಠೇವಣಿ 2 ಲಕ್ಷ. ಗ್ರಾಚುಯಿಟಿ ಇನ್ನೂ ಬಂದಿರಲಿಲ್ಲ, ಅವರು ಕೇಳಿಯೂ ಇರಲಿಲ್ಲ. ಕೊನೆಯ ಮೂಲ ವೇತನ ಮತ್ತು ಡಿಎ ಸೇರಿ 24,000, ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ, 22 ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 3,04,000. ಇದನ್ನು ಕಂಪನಿ 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ ಅಂದೆ. ತಗೊಂಡರು, ಹಣ ಬಂತು.

ಎಲ್ಲ ಸೇರಿ 6,42,000. ಅದರಿಂದ ಎರಡು ಮೊತ್ತ ಮೊದಲೇ ಎತ್ತಿಟ್ಟೆವು. ಮಗನ ಮುಂದಿನ ವರ್ಷದ ಫೀಸು 90,000, ಆರೋಗ್ಯ ವಿಮೆಗೆ 30,000. ಕೆಲಸದ ಜೊತೆಗೇ ಕಂಪನಿಯ ವಿಮೆಯೂ ಹೋಗಿರುತ್ತದೆ. ಐವತ್ತು ದಾಟುವ ಹೊತ್ತಿಗೆ ಒಂದು ಆಪರೇಷನ್ ಬಂದರೆ ಉಳಿದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ, ಆದ್ದರಿಂದ ಈ ಖರ್ಚನ್ನು ಉಳಿತಾಯ ಮಾಡಲು ಹೋಗಬೇಡಿ. ಪಿಎಫ್ ಹಣವನ್ನು ಲೆಕ್ಕಕ್ಕೇ ಸೇರಿಸಲಿಲ್ಲ. ಅದು ಮುದಿವಯಸ್ಸಿನದು.

ಉಳಿದಿದ್ದು 5,22,000. ತಿಂಗಳಿಗೆ 33,000 ಕೊರೆಯಾದರೆ ಹದಿನೈದು ತಿಂಗಳು ದಾಟುತ್ತದೆ. ಹೋಂಸ್ಟೇಗೆ ನಾಲ್ಕು ಲಕ್ಷ ಕೊಟ್ಟರೆ ಮೂರೂವರೆ ತಿಂಗಳು. ಆ ರೈಟರ್ ಕೆಲಸಕ್ಕೆ ಹೋದರೆ? ಕೊರೆ 15,000ಕ್ಕೆ ಇಳಿಯುತ್ತದೆ, ಅದೇ ಹಣ ಮೂವತ್ತನಾಲ್ಕು ತಿಂಗಳು ಬರುತ್ತದೆ.

ಇದನ್ನು ಅವರ ಕೈಯಲ್ಲೇ ಭಾಗಾಕಾರ ಮಾಡಿಸಿದೆ, ನಾನು ಹೇಳಿದ್ದರೆ ನಂಬುತ್ತಿರಲಿಲ್ಲ. ಹಳೇ ಸಂಬಳದ ಅರ್ಧವೂ ಇಲ್ಲದ ಕೆಲಸ ಕೈಯಲ್ಲಿರುವ ಸಮಯವನ್ನು ಎರಡರಷ್ಟು ಮಾಡುತ್ತದೆ. ತುರ್ತು ಕೆಲಸ ಕೊಡುವುದು ಆ ಸಮಯವನ್ನು, ಮನುಷ್ಯನ ಬೆಲೆಗೂ ಅದಕ್ಕೂ ಸಂಬಂಧ ಇಲ್ಲ ಅಂತ ಹೇಳಿದೆ. ಹೆಂಡತಿ ಆವಾಗ ಅಂದರು, "ರೀ, ಮೂರು ತಿಂಗಳಲ್ಲಿ ದಾರಿ ಹುಡುಕೋದಕ್ಕೂ ಮೂರು ವರ್ಷದಲ್ಲಿ ಹುಡುಕೋದಕ್ಕೂ ವ್ಯತ್ಯಾಸ ಇಲ್ವಾ?"

ತುರ್ತು ಕೆಲಸ ಆರಿಸುವಾಗ ನಾನು ನೋಡುವುದು ಇಷ್ಟು: ಎರಡು ಮೂರು ವಾರದಲ್ಲಿ ಶುರುವಾಗಬೇಕು, ಕೈಯಿಂದ ಬಂಡವಾಳ ಬೇಡಬಾರದು, ಒಂದು ತಿಂಗಳ ನೋಟಿಸ್ ಕೊಟ್ಟು ಬಿಡುವಂತಿರಬೇಕು, ವಾರದಲ್ಲಿ ಒಂದು ದಿನವಾದರೂ ಪೂರ್ತಿ ನಮ್ಮದಾಗಿ ಉಳಿಯಬೇಕು. ಹೋಂಸ್ಟೇ ಮೊದಲ ಮೂರರಲ್ಲೂ ಬಿತ್ತು. ಹೋಂಸ್ಟೇ ಕೆಟ್ಟದ್ದು ಅಂತಲ್ಲ, ನಮ್ಮ ಜಿಲ್ಲೆಯಲ್ಲಿ ಅದರಿಂದ ಚೆನ್ನಾಗಿ ಬದುಕುವವರಿದ್ದಾರೆ. ಆದರೆ ಅದು ನಿಧಾನಕ್ಕೆ ಕುದುರುವ ವ್ಯವಹಾರ, ಮಳೆಗಾಲದಲ್ಲಿ ಏರಿಳಿತ ಇರುತ್ತದೆ, ಮತ್ತೆ ಹಾಕಿದ ಹಣವನ್ನು ಭಾವಮೈದನಿಂದ ವಾಪಸ್ ಕೇಳುವುದು ಯಾರಿಗೂ ಸುಲಭ ಅಲ್ಲ. "ಈ ವರ್ಷ ಆಗಲ್ಲಪ್ಪ, ಲೆಕ್ಕ ನೋಡಿದ್ದೀವಿ" ಅಂತ ತಮ್ಮನಿಗೆ ಹೇಳುವ ಕೆಲಸವನ್ನು ಹೆಂಡತಿಯೇ ವಹಿಸಿಕೊಂಡರು.

ಇನ್ನೊಂದು ಅವಸರವೂ ಇತ್ತು. ಯಾರೋ ಸ್ನೇಹಿತರು, ಐವತ್ತಾಯಿತಲ್ಲ, ಪಿಎಫ್ ಜೊತೆ ಬರುವ ಇಪಿಎಸ್ ಪಿಂಚಣಿ ಈಗಲೇ ತಗೋ ಅಂದಿದ್ದರಂತೆ. ಹತ್ತು ವರ್ಷ ಸೇವೆ ಇದ್ದರೆ ಐವತ್ತಕ್ಕೆ ತಗೊಳ್ಳಬಹುದು, ನಿಜ. ಆದರೆ 58ಕ್ಕೆ ಮೊದಲು ಎಷ್ಟು ವರ್ಷ ಮುಂಚೆ ತಗೊಳ್ಳುತ್ತೇವೋ ವರ್ಷಕ್ಕೆ 4%ರಂತೆ ಕಡಿತ, ಆ ಕಡಿತ ಜೀವನಪೂರ್ತಿ. ಈ ತಿಂಗಳ ಭಯಕ್ಕೆ ಎಪ್ಪತ್ತರ ವಯಸ್ಸಿನ ಹಣ ಕೊಟ್ಟಹಾಗೆ. ಬೇಡ ಅಂದೆ, ಒಪ್ಪಿದರು.

ಇನ್ನು ಮುಂದಿನ ದಾರಿ. ಇದನ್ನು ಮೂರನೇ ಭೇಟಿಗೆ ಉಳಿಸಿಕೊಂಡಿದ್ದೆ. ತುರ್ತಿನದು ಒಂದು ಹದಕ್ಕೆ ಬರುವ ತನಕ ಈ ಮಾತು ತಲೆಗೆ ಹತ್ತುವುದಿಲ್ಲ. ನಿಮಗೇನು ಬರುತ್ತದೆ ಅಂತ ಕೇಳಿದರೆ, "ಏನೂ ಇಲ್ಲ ಮೇಡಂ, ಗ್ರೇಡಿಂಗ್ ಒಂದೇ" ಅಂದರು. ನನ್ನ ಮೇಜಿನ ಮೇಲೆ ನಮ್ಮ ಅತ್ತೆಯವರು ತೋಟದಿಂದ ಕಳಿಸಿದ ಪಾರ್ಚ್ಮೆಂಟ್, ಅಂದರೆ ತೆಳು ಸಿಪ್ಪೆ ಇನ್ನೂ ಬಿಡಿಸದ ಕಾಫಿ ಬೀಜ, ಒಂದು ಕವರಿನಲ್ಲಿತ್ತು. ಮಾತಿನ ಮಧ್ಯೆ ಶಿವಣ್ಣನ ಕೈ ತಾನಾಗೇ ಅದರೊಳಗೆ ಹೋಯಿತು. ಒಂದು ಕಾಳಿನ ಸಿಪ್ಪೆಯನ್ನು ಉಗುರಿನಲ್ಲಿ ಬಿಡಿಸಿದರು, ಬೆಳಕಿಗೆ ಹಿಡಿದರು, ಹಲ್ಲಿನ ನಡುವೆ ಇಟ್ಟು ಕಚ್ಚಿದರು. "ಇದಿನ್ನೂ ಒಣಗಿಲ್ಲ. ಎರಡು ಬಿಸಿಲು ಬೇಕು. ಹೀಗೇ ಮೂಟೆ ಕಟ್ಟಿದ್ರೆ ಬಣ್ಣ ಹೋಗುತ್ತೆ, ರೇಟಲ್ಲಿ ಹಿಡಿದುಬಿಡ್ತಾರೆ." ಅತ್ತೆಯವರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಆ ವಾರ ಅವರು ಮಾರಲು ಹೊರಟಿದ್ದರು.

ಮಾತು ಅಲ್ಲಿಂದ ಬೆಳೆಯಿತು. ಸಣ್ಣ ಬೆಳೆಗಾರರು ಚೆರಿ, ಅಂದರೆ ಹಣ್ಣನ್ನೇ ಒಣಗಿಸಿದ ಕಾಫಿ, ಮಾರುವುದು ಔಟ್‌ಟರ್ನ್ ಮೇಲೆ. 50 ಕೆ.ಜಿ. ಮೂಟೆಯಿಂದ ಎಷ್ಟು ಕೆ.ಜಿ. ಬೀಜ ಬರುತ್ತದೆ ಅನ್ನುವುದರ ಮೇಲೆ ರೇಟು. ವ್ಯಾಪಾರಿ 25 ಅಂದರೆ ಬೆಳೆಗಾರ 25 ಅಂತ ಒಪ್ಪುತ್ತಾನೆ, ನಿಜವಾಗಿ 27 ಬರಬಹುದು. ಅರವತ್ತು ಮೂಟೆ ಇರುವವನಿಗೆ 120 ಕೆ.ಜಿ. ಬೀಜ ಹೋಯಿತು. ಕೆ.ಜಿ.ಗೆ 350 ಅಂತಿಟ್ಟುಕೊಂಡರೂ 42,000. ಮಾರುವ ಮೊದಲೇ ಇದನ್ನು ತೂಗಿ ಹೇಳುವವರು ಬೇಕಲ್ವಾ ಅಂತ ಶಿವಣ್ಣನೇ ಕೇಳಿದರು. ಆಗಲೇ ಅಂಗಡಿ, ಯಂತ್ರ, ಸಾಲ ಅಂತ ಮಾತು ಓಡತೊಡಗಿತು. ಅಲ್ಲಿ ತಡೆದೆ. ಒಂದು ಸೀಸನ್ ಪ್ರಯೋಗ, ಖರ್ಚು 5,000 ಮೀರಬಾರದು, ಭಾನುವಾರ ಮಾತ್ರ, ಯಾರು ದುಡ್ಡು ಕೊಟ್ಟರು ಅಂತ ಬರೆದಿಡಬೇಕು. ಚೆನ್ನಾಗಿದೆ ಅಂತ ಹೇಳಿದವರ ಲೆಕ್ಕ ಬೇಡ ಅಂದೆ.

ಡಿಸೆಂಬರ್ ಕೊನೆಗೆ ಎಸ್ಟೇಟಿಗೆ ಸೇರಿದರು. ಡಿಜಿಟಲ್ ತಕ್ಕಡಿ ಕೊಂಡರು, ಪರಿಚಯದ ಒಬ್ಬರ ಗೋಡೌನಿನಲ್ಲಿ ಸ್ಯಾಂಪಲ್ ಸುಲಿಯುವ ಸಣ್ಣ ಯಂತ್ರ ಬಳಸಲು ಕೇಳಿಕೊಂಡರು. ಸ್ಯಾಂಪಲ್‌ಗೆ 300 ರೂಪಾಯಿ. ಜನವರಿಯಿಂದ ಮಾರ್ಚ್‌ವರೆಗೆ 26 ಜನ ಬಂದರು, ದುಡ್ಡು ಕೊಟ್ಟವರು 11. ಒಟ್ಟು 3,300. ತುಂಬಾ ಬೇಸರದಲ್ಲಿ ಬಂದರು ಆ ಸಲ.

ನನಗೆ ಅದು ಸೋಲು ಅನ್ನಿಸಲಿಲ್ಲ, ಪುಸ್ತಕ ತೆಗೆದು ನೋಡೋಣ ಅಂದೆ. ಪರೀಕ್ಷೆಗೆ ಜನ ದುಡ್ಡು ಕೊಡುವುದಿಲ್ಲ, ಅದು ಸ್ಪಷ್ಟ. ಆದರೆ ಮೂವರು, ಮಾರುವ ದಿನ ಜೊತೆಗೆ ಬನ್ನಿ ಅಂತ ಕರೆದುಕೊಂಡು ಹೋಗಿ ಮೂಟೆಗೆ 30 ರೂಪಾಯಿ ಕೊಟ್ಟಿದ್ದರು, 180 ಮೂಟೆಗೆ 5,400 ಬಂದಿತ್ತು. ಇನ್ನೊಬ್ಬರು, ನಲವತ್ತು ಎಕರೆ ತೋಟದವರು, ಮುಂದಿನ ಕೊಯ್ಲಿಗೆ ಒಣಗಿಸುವ ಕಣ, ಗೋಡೌನು ಎರಡನ್ನೂ ನೋಡಿಕೊಳ್ಳುತ್ತೀರಾ, ತಿಂಗಳಿಗೆ 12,000 ಅಂತ ಕೇಳಿದ್ದರು. ಅಂಗಡಿ ಹಾಕಿದ್ದರೆ ಇದು ಗೊತ್ತಾಗುವ ಮೊದಲೇ ಎರಡು ಲಕ್ಷ ಹೋಗಿರುತ್ತಿತ್ತು. ಇದರ ಮಿತಿಯೂ ಗೊತ್ತಿದೆ, ಈ ಕೆಲಸ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರ. ಅಂಥ ಎರಡು ತೋಟ ಸಿಕ್ಕದೆ ರೈಟರ್ ಕೆಲಸ ಬಿಡುವಂತಿಲ್ಲ ಅಂತ ಬರೆದುಕೊಂಡಿದ್ದೇವೆ.

ಈಗ ನನ್ನ ಚಿಂತೆ ಬೇರೆ. ತುರ್ತು ಕೆಲಸ ಮೆಲ್ಲಗೆ ಇಡೀ ಮನುಷ್ಯನನ್ನು ನುಂಗುತ್ತದೆ. ಮೇ ತಿಂಗಳಲ್ಲಿ ಎಸ್ಟೇಟಿನವರು ಭಾನುವಾರವೂ ಬನ್ನಿ, 2,000 ಜಾಸ್ತಿ ಕೊಡುತ್ತೇವೆ ಅಂದರು, ಶಿವಣ್ಣ ಸತತ ಮೂರು ವಾರ ಹೋದರು. ಲೆಕ್ಕದ ಪುಸ್ತಕದಲ್ಲಿ ಆ ಮೂರು ವಾರ ತೋಟಗಳ ಹೆಸರಿನ ಪುಟ ಖಾಲಿ. ಅದನ್ನೇ ತೋರಿಸಿದೆ. ಭಾನುವಾರ ವಾಪಸ್ ಕೇಳಿ ಪಡೆದರು. ಎರಡನೇ ತೋಟದವರ ಜೊತೆ ಮಾತು ನಡೆಯುತ್ತಿದೆ, ಇನ್ನೂ ಗಟ್ಟಿಯಾಗಿಲ್ಲ.

ಮೂರಕ್ಕೆ ಎಚ್ಚರವಾಗುವುದು ಈಗ ವಾರಕ್ಕೊಮ್ಮೆ. ಅಕ್ಟೋಬರ್ 1ಕ್ಕೆ ಮತ್ತೆ ಮೂವರೂ ಕೂರುತ್ತೇವೆ. ಅಮ್ಮನ ಔಷಧಿ ತಿಂಗಳಿಗೆ 400 ರೂಪಾಯಿ ಹೆಚ್ಚಾಗಿದೆಯಂತೆ. ಹೋಗುವಾಗ ಬಾಗಿಲಿನಿಂದ ವಾಪಸ್ ಬಂದು ಅದನ್ನೂ ಬರೆಸಿದರು.