ಮದುವೆ ಬೇಡ ಅನ್ನೋದಕ್ಕೆ ಕಾರಣ ಹುಡುಕಬೇಡಿ

ಪ್ರಶ್ನೆ: ನನಗೆ 31 ವರ್ಷ. ಮದುವೆ ಆಗದೆ ಒಬ್ಬಳೇ ಇರಬೇಕು ಅಂತ ನಿರ್ಧರಿಸಿದ್ದೇನೆ. ಮನೆಯಲ್ಲಿ ಸರಿಯಾದ ಕಾರಣ ಕೇಳುತ್ತಿದ್ದಾರೆ. ಸದ್ಯಕ್ಕೆ "ಇನ್ನೆರಡು ವರ್ಷ ಬೇಡ" ಅಂದಿದ್ದೇನೆ. ಅಪ್ಪ ಅಮ್ಮ ಒಪ್ಪುವಂಥ ಕಾರಣ ಏನು ಕೊಡಬಹುದು?

ಉತ್ತರ:

"ಇನ್ನೆರಡು ವರ್ಷ" ಅನ್ನೋದನ್ನು ಓದಿ ಎದೆ ಧಸಕ್ ಅಂತು. ನಾನೂ ಇದೇ ಮಾತು ಹೇಳಿದ್ದೆ. ಆರು ವರ್ಷ ಬೇರೆ ಬೇರೆ ರೂಪದಲ್ಲಿ ಹೇಳುತ್ತಲೇ ಬಂದೆ. ಅದಕ್ಕೆ ನಮ್ಮಪ್ಪ ಕೊಟ್ಟ ಬೆಲೆ ಇಪ್ಪತ್ತು ಗುಂಟೆ ತೆಂಗಿನ ತೋಟ.

ನನಗೀಗ 43. ತಿಪಟೂರು ಕಡೆಯವಳು, ಹೈಸ್ಕೂಲಿನಲ್ಲಿ ಗಣಿತದ ಮೇಡಂ. 2007ರಲ್ಲಿ ಕೆಲಸ ಸಿಕ್ಕಿತು. 2008ರ ಮಾಘದಲ್ಲೇ ಮೊದಲ ಗಂಡಿನ ಕಡೆಯವರು ಬಂದರು. ಉಪ್ಪಿಟ್ಟು, ಕೇಸರಿಬಾತು, ಕಾಫಿ ಲೋಟದ ತಟ್ಟೆ, ಎಲ್ಲ ಆಯಿತು. ಹುಡುಗ ಒಳ್ಳೆಯವನೇ. ಆದರೆ ಅವರು ಹೋದ ಮೇಲೆ ನನಗೆ ಒಂದು ವಿಷಯ ಖಚಿತವಾಯಿತು. ನನಗೆ ಆ ಹುಡುಗ ಬೇಡ ಅಂತಲ್ಲ, ಮದುವೆಯೇ ಬೇಡ. ಯಾರ ಮೇಲೂ ಕೋಪ ಇರಲಿಲ್ಲ, ಯಾರೂ ಮೋಸ ಮಾಡಿರಲಿಲ್ಲ. ಸಂಜೆ ಸ್ಕೂಲಿಂದ ಬಂದು ರೂಮಿನ ಬಾಗಿಲು ತೆಗೆದಾಗ ಒಳಗೆ ಯಾರೂ ಇಲ್ಲದ್ದು ನನಗೆ ಹಿತವಾಗಿತ್ತು. ಅಷ್ಟೇ.

ಆ ರಾತ್ರಿ ಅಪ್ಪ ಕೇಳಿದರು, "ಏನಮ್ಮ, ಒಪ್ಪಿಗೆನಾ?" ನಾನು "ತಂಗಿ ಓದು ಮುಗೀಲಿ ಅಪ್ಪಾ" ಅಂದೆ.

ನನ್ನ ತಪ್ಪು ಅಲ್ಲಿ ಶುರುವಾಯಿತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ಈಗ ಅಲ್ಲೇ ನಿಂತಿದ್ದೀರಿ.

ನಾನು ಹೇಳಿದ್ದು ನೆಪ. ಅಪ್ಪನಿಗೆ ಕೇಳಿಸಿದ್ದು ಷರತ್ತು. ತಂಗಿಯ ಓದು ಮುಗಿದರೆ ಮಗಳು ಮದುವೆಗೆ ಸಿದ್ಧ ಅಂತ ಅವರು ಅಂದುಕೊಂಡರು. ಅದು ಅವರ ತಪ್ಪಲ್ಲ, ನಾನು ಹೇಳಿದ ಮಾತಿಗೆ ಅರ್ಥವೇ ಅದು. ತಂಗಿಯ ಬಿ.ಎಡ್. ಮುಗಿಯಿತು. ಮತ್ತೆ ಜಾತಕ ಹೊರಬಂತು. ನಾನು "ಮನೆ ಸಾಲ ತೀರಲಿ" ಅಂದೆ. ಮನೆ ಕಟ್ಟಲು ನನ್ನ ಮತ್ತು ಅಪ್ಪನ ಹೆಸರಲ್ಲಿ ಜಂಟಿ ಸಾಲ ಇತ್ತು, ಕಂತು ನನ್ನ ಸಂಬಳದಿಂದ ಹೋಗುತ್ತಿತ್ತು. ನೆಪಕ್ಕೆ ಇದಕ್ಕಿಂತ ಗಟ್ಟಿಯಾದದ್ದು ಬೇಕಾ ಅಂತ ನನಗೇ ಸಮಾಧಾನವಾಗಿತ್ತು.

ನಡುವೆ ಜೋಯಿಸರೊಬ್ಬರು ಲಗ್ನದಿಂದ ಏಳನೇ ಮನೆಯಲ್ಲಿ ಕುಜ ಇದ್ದಾನೆ ಅಂದರು. ನಾನು ಖುಷಿಪಟ್ಟೆ, ಇನ್ನು ಕೆಲವು ವರ್ಷ ಇದರ ಹಿಂದೆ ಅಡಗಿಕೊಳ್ಳಬಹುದು ಅಂತ. ಅಪ್ಪ ಅಮ್ಮ ಮಾತ್ರ ನಿದ್ದೆಗೆಟ್ಟರು. ಕುಕ್ಕೆಗೆ ಹೋಗಿ ಸರ್ಪಸಂಸ್ಕಾರ ಮಾಡಿಸಿದರು. ಎರಡು ದಿನದ ಸೇವೆ ಅದು. ಮಂಡಿನೋವಿನ ಅಮ್ಮ ಕಷ್ಟಪಟ್ಟು ಅಷ್ಟು ಹೊತ್ತು ನೆಲದ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೂತಿದ್ದ ನನಗೆ ಗೊತ್ತಿತ್ತು, ದೋಷ ಇರೋದು ಜಾತಕದಲ್ಲಲ್ಲ, ನನ್ನ ಬಾಯಲ್ಲಿ. ಆದರೂ ಸುಮ್ಮನಿದ್ದೆ.

2013ರಲ್ಲಿ ಅಪ್ಪ ಒಂದು ದಿನ ನಗುತ್ತಾ ಬಂದು, "ಚೀಟಿ ದುಡ್ಡು ಬಂತು ಕಣಮ್ಮ, ಮನೆ ಸಾಲ ಪೂರ್ತಿ ಕಟ್ಟಿಬಿಟ್ಟೆ. ಇನ್ನೇನಿಲ್ಲ ನಿಂಗೆ" ಅಂದರು. ನನಗೆ ಗಾಬರಿಯಾಗಿದ್ದು ನೆಪ ಹೋಯಿತಲ್ಲ ಅಂತ. ಅಷ್ಟು ದುಡ್ಡು ಯಾವ ಚೀಟಿಯಲ್ಲಿ ಬಂತು ಅಂತ ಯೋಚಿಸಲೇ ಇಲ್ಲ. ಕೆಲವು ತಿಂಗಳಾದ ಮೇಲೆ ಯಾವುದೋ ಅರ್ಜಿಗೆ ಪಹಣಿ ಬೇಕಾಗಿ ನಾಡಕಚೇರಿಗೆ ಹೋದೆ. ಕೈಗೆ ಬಂದ ಹಾಳೆಯಲ್ಲಿ ಅಪ್ಪನ ಹೆಸರಿನ ಮುಂದೆ ಒಂದು ಎಕರೆ ಅಂತಿತ್ತು. ಇರಬೇಕಾದ್ದು ಒಂದು ಎಕರೆ ಇಪ್ಪತ್ತು ಗುಂಟೆ. ತಪ್ಪಾಗಿದೆ ಅಂತ ಕೌಂಟರಿನಲ್ಲಿ ಜಗಳಕ್ಕೇ ನಿಂತೆ. ಅವರು ಇನ್ನೊಂದು ಹಾಳೆ ತೆಗೆದು ತೋರಿಸಿದರು, ಕ್ರಯದ ಮೇಲೆ ಖಾತೆ ಬದಲಾಗಿದೆ ಅಂತ.

ಅದು ಪಿತ್ರಾರ್ಜಿತ ಅಲ್ಲ. ಪ್ರೈಮರಿ ಸ್ಕೂಲ್ ಮೇಷ್ಟ್ರ ಸಂಬಳದಲ್ಲಿ ಉಳಿಸಿ ಅಪ್ಪ ಸ್ವಂತವಾಗಿ ಕೊಂಡಿದ್ದು. ಹಾಗಾಗಿ ಮಾರುವಾಗ ನಮ್ಮ ಸಹಿ ಬೇಕಿರಲಿಲ್ಲ, ನಮಗೆ ಗೊತ್ತಾಗಲೂ ಇಲ್ಲ. ಇಪ್ಪತ್ತು ಗುಂಟೆಯಲ್ಲಿ 24 ಮರ. ನನ್ನ ಒಂದು ಸುಳ್ಳು ನೆಪವನ್ನು ನಿವಾರಿಸಲು 24 ಮರ ಹೋದವು.

ಇನ್ನೂ ಒಂದಿದೆ. ಅಕ್ಕನಿಗೆ ಆಗದೆ ತಂಗಿಗೆ ಹೇಗೆ ಮಾಡೋದು ಅಂತ ತಂಗಿಯ ಮದುವೆಯನ್ನೂ ಮುಂದಕ್ಕೆ ಹಾಕಿದ್ದರು. ಅವಳಿಗೆ ಮದುವೆ ಬೇಕಿತ್ತು. ನೋಡಲು ಬಂದವರು "ದೊಡ್ಡವಳದ್ದು ಯಾಕಾಗಿಲ್ಲ?" ಅಂತ ಕೇಳುತ್ತಿದ್ದರು, ಅಪ್ಪ "ನೋಡ್ತಾ ಇದೀವಿ" ಅನ್ನುತ್ತಿದ್ದರು. ಎರಡು ಸಂಬಂಧ ಹಾಗೇ ತಪ್ಪಿಹೋದವು. "ದೊಡ್ಡವಳಿಗೆ ಮದುವೆ ಬೇಡವಂತೆ" ಅನ್ನೋ ಒಂದು ನೇರ ಉತ್ತರ ಅಪ್ಪನ ಹತ್ತಿರ ಇದ್ದಿದ್ದರೆ ಸಾಕಿತ್ತು. ಆ ಉತ್ತರವನ್ನು ನಾನು ಅವರಿಗೆ ಕೊಟ್ಟೇ ಇರಲಿಲ್ಲ.

ಪಹಣಿ ನೋಡಿದ ದಿನ ನಾನು ಸೀದಾ ಊರಿಗೆ ಹೋದೆ. ಅಪ್ಪ ಅಟ್ಟದ ಮೇಲಿದ್ದರು. ನಮ್ಮ ಕಡೆ ಕಾಯನ್ನು ಅಟ್ಟದಲ್ಲಿ ಹತ್ತಿರ ಹತ್ತಿರ ಒಂದು ವರ್ಷ ಇಟ್ಟು ಉಂಡೆಕೊಬ್ಬರಿ ಮಾಡುತ್ತಾರೆ. ಒಳಗಿನ ನೀರೆಲ್ಲ ಆರಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡರೆ ಅಲ್ಲಾಡಿಸಿದಾಗ ಗೊಟಗೊಟ ಅನ್ನುತ್ತೆ. ಅಪ್ಪ ಒಂದೊಂದೇ ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಆದದ್ದನ್ನು ಈ ಕಡೆ, ಆಗದ್ದನ್ನು ಆ ಕಡೆ ಇಡುತ್ತಿದ್ದರು. ಏಣಿ ಹತ್ತಿ ಎದುರಿಗೆ ಕೂತೆ. "ಅಪ್ಪಾ, ತೋಟ ಯಾಕೆ ಮಾರಿದ್ರಿ?" ಅಂದೆ. ಅವರ ಕೈ ನಿಂತಿತು. ತುಂಬ ಹೊತ್ತು ಬಿಟ್ಟು, ನನ್ನ ಮುಖ ನೋಡದೆ ಕೇಳಿದರು: "ಯಾರನ್ನಾದ್ರೂ ಇಷ್ಟಪಟ್ಟಿದ್ರೆ ಹೇಳಮ್ಮ. ಬೇರೆ ಜಾತಿಯವನಾದ್ರೂ ಪರವಾಗಿಲ್ಲ."

ನಮ್ಮಪ್ಪ ಆ ಮಾತು ಹೇಳಲು ಎಷ್ಟು ರಾತ್ರಿ ಒದ್ದಾಡಿರಬೇಕು ಅಂತ ನನಗೆ ಗೊತ್ತು. ಅವರ ಲೆಕ್ಕದಲ್ಲಿ ಹೆಣ್ಣುಮಗಳು ಮದುವೆ ಮುಂದಕ್ಕೆ ಹಾಕಿದರೆ ಎರಡೇ ಕಾರಣ. ಒಂದು, ಯಾರೋ ಮನಸ್ಸಿನಲ್ಲಿದ್ದಾನೆ. ಇಲ್ಲ, ಯಾರೋ ಕೈಕೊಟ್ಟಿದ್ದಾನೆ. ಒಬ್ಬಳೇ ಇರೋದು ಇಷ್ಟ ಅನ್ನೋ ಮೂರನೆಯದು ಇದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನು, ಆರು ವರ್ಷ ತಂಗಿ, ಸಾಲ, ಕುಜ ಅಂತ ತಿರುಗಿಸಿದ್ದೆ.

ಆಗ ಹೇಳಿದೆ. "ಯಾರೂ ಇಲ್ಲ ಅಪ್ಪಾ. ಮದುವೆ ಆಗೋದು ನಂಗೆ ಬೇಡ. ಇವತ್ತೂ ಬೇಡ, ಮುಂದೂ ಬೇಡ. ನಿಮ್ಮಿಂದ ಏನೂ ತಪ್ಪಾಗಿಲ್ಲ." ಇಷ್ಟೇ. ಯಾಕೆ ಅಂತ ಕೇಳಿದರು. "ಹಿಂಗೇ ಇರೋದು ನಂಗಿಷ್ಟ" ಅಂದೆ. ಇನ್ನೂ ಎರಡು ಸಲ ಕೇಳಿದರು. ಎರಡು ಸಲವೂ ಅದೇ ಮಾತು ಹೇಳಿದೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಒಪ್ಪುವಂಥ ಕಾರಣ ಅಂತ ಒಂದು ಇಲ್ಲ. ಕೊಟ್ಟ ಕಾರಣಕ್ಕೆಲ್ಲ ಪರಿಹಾರ ಹುಡುಕುತ್ತಾರೆ. ಕೆಲಸ ಅಂದರೆ ಕೆಲಸಕ್ಕೆ ಕಳಿಸೋ ಗಂಡು ಬರುತ್ತಾನೆ. ಅಪ್ಪ ಅಮ್ಮನ್ನ ನೋಡಿಕೊಳ್ಳಬೇಕು ಅಂದರೆ ಮನೆ ಅಳಿಯ ಬರುತ್ತಾನೆ. ಆರೋಗ್ಯ ಅಂದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. "ನನಗೆ ಬೇಡ" ಅನ್ನೋದಕ್ಕೆ ಮಾತ್ರ ಪರಿಹಾರ ಇಲ್ಲ. ಅವರು ಒಪ್ಪಬೇಕು ಅಂತ ಕಾಯಬೇಡಿ, ತಿಳಿದರೆ ಸಾಕು. ನಮ್ಮಮ್ಮ ಇವತ್ತಿಗೂ ಒಪ್ಪಿಲ್ಲ. ಹಬ್ಬಕ್ಕೆ ಹೋದಾಗ ನನಗಿಷ್ಟದ ಹೋಳಿಗೆ ಮಾಡುತ್ತಾರೆ, ಬಡಿಸುವಾಗ ಕಣ್ಣು ಒರೆಸಿಕೊಳ್ಳುತ್ತಾರೆ. ಎರಡೂ ನಿಜ.

ಒಂದು ಎಚ್ಚರಿಕೆ. ನಾನು ಹೇಳಿದಾಗ ನನಗೆ ಸಂಬಳ ಇತ್ತು, ಬೇರೆ ಊರಲ್ಲಿ ಬಾಡಿಗೆ ರೂಮಿತ್ತು. ನಿಮ್ಮ ಮನೆಯಲ್ಲಿ ಕೈ ಎತ್ತುವವರು ಇದ್ದರೆ, ಅಥವಾ ನಿಮ್ಮ ಕಾರ್ಡು, ಸರ್ಟಿಫಿಕೇಟು ಅವರ ಬೀರುವಿನಲ್ಲಿದ್ದರೆ, ಮೊದಲು ಅವನ್ನು ನಿಮ್ಮ ಕೈಗೆ ತಂದುಕೊಳ್ಳಿ. ದುಡಿಮೆ ಮತ್ತು ಇರಲು ಜಾಗ ಆದ ಮೇಲೆ ಬಾಯಿ ಬಿಡಿ. ಅಲ್ಲಿಯವರೆಗೆ ನೆಪ ಹೇಳಿದರೆ ಅದು ತಪ್ಪಲ್ಲ, ರಕ್ಷಣೆ.

ಹೇಳಿದ ಮೇಲೆ ಅಪ್ಪ ಕೇಳಿದ ಕೊನೆಯ ಪ್ರಶ್ನೆ, "ನಾವು ಹೋದ ಮೇಲೆ ನಿಂಗ್ಯಾರು?" ಇದು ಒತ್ತಡ ಅಲ್ಲ, ನಿಜವಾದ ಭಯ. ಇದಕ್ಕೆ ಮಾತಿನಲ್ಲಿ ಉತ್ತರ ಕೊಡಬೇಡಿ, ಕಾಗದದಲ್ಲಿ ಕೊಡಿ. ನಾನು ವಿಚಾರಿಸಿದಾಗ ತಿಳಿದದ್ದು ಇದು. ಮದುವೆಯಾಗದ, ಮಕ್ಕಳಿಲ್ಲದ ಹಿಂದೂ ಹೆಣ್ಣು ವಿಲ್ ಬರೆಯದೆ ತೀರಿಕೊಂಡರೆ, ಅವಳು ಸ್ವಂತ ಗಳಿಸಿದ್ದು 1956ರ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಾಯಿ ತಂದೆಗೆ ಹೋಗುತ್ತೆ. ಅವರೂ ಇಲ್ಲದಿದ್ದರೆ ತಂದೆಯ ವಾರಸುದಾರರಿಗೆ. ವರ್ಷಗಟ್ಟಲೆ ಜೊತೆಗಿದ್ದು ನೋಡಿಕೊಂಡ ಗೆಳತಿಗೆ ಒಂದು ರೂಪಾಯಿಯೂ ಇಲ್ಲ. ನಾಮಿನಿ ಮಾಡಿದ್ದೀನಲ್ಲ ಅಂತ ತುಂಬ ಜನ ನೆಮ್ಮದಿಯಾಗಿರುತ್ತಾರೆ. ಆದರೆ ಬ್ಯಾಂಕ್ ಖಾತೆಗೆ ನಾಮಿನಿ ಅಂದರೆ ದುಡ್ಡು ಪಡೆದುಕೊಳ್ಳುವವರು ಮಾತ್ರ, ಅದು ಸೇರಬೇಕಾದ್ದು ವಾರಸುದಾರರಿಗೆ. ಹಾಗಾಗಿ ವಿಲ್ ಬೇಕು. ಸ್ಟಾಂಪ್ ಪೇಪರ್ ಬೇಕಿಲ್ಲ, ಬಿಳಿ ಹಾಳೆ ಸಾಕು. ನೀವು ಸಹಿ ಹಾಕೋದನ್ನು ನೋಡಿ ಇಬ್ಬರು ಸಾಕ್ಷಿಗಳು ಸಹಿ ಮಾಡಬೇಕು. ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ನೋಂದಣಿ ಕಡ್ಡಾಯ ಅಲ್ಲ, ಆದರೂ ನಾನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿದೆ. ತಂಗಿ ಮಗಳಿಗೆ ಒಂದು ಪಾಲು, ನನ್ನ ಜೊತೆ ಕೆಲಸ ಮಾಡುವ ಗೆಳತಿಗೆ ಒಂದು ಪಾಲು. 2019ರಲ್ಲಿ ಪಿತ್ತಕೋಶದ ಆಪರೇಷನ್ ಆದಾಗ ರಾತ್ರಿಯೆಲ್ಲ ಸ್ಟೂಲಿನ ಮೇಲೆ ಕೂತಿದ್ದವಳು ಅವಳು.

ವಿಲ್ ಪ್ರತಿಯನ್ನು ಅಪ್ಪನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಒಂದು ಕಡೆ ದೀರ್ಘ ಬಿಟ್ಟುಹೋಗಿತ್ತು, ಅದನ್ನು ಬೆರಳಿಟ್ಟು ತೋರಿಸಿದರು. ಆಮೇಲೆ ಮಡಚಿ ತಮ್ಮ ಪಿಂಚಣಿ ಪುಸ್ತಕದ ಒಳಗೆ ಇಟ್ಟುಕೊಂಡರು. ಅವತ್ತಿಂದ ಜಾತಕದ ಮಾತು ಎತ್ತಿಲ್ಲ.

ಊರವರ ಮಾತು ಈಗಲೂ ಇದೆ. 2014ರಲ್ಲಿ ತಂಗಿ ಮದುವೆ ಆಯಿತು. ಅರಿಶಿನ ಹಚ್ಚುವಾಗ ಐದು ಜನ ಮುತ್ತೈದೆಯರು ಮುಂದೆ ಬನ್ನಿ ಅಂದರು, ಬಟ್ಟಲು ಹಿಡಿದಿದ್ದ ನನ್ನ ಕೈಯಿಂದ ಯಾರೋ ಅದನ್ನು ತೆಗೆದುಕೊಂಡರು. ನೋವಾಯಿತು, ಸುಳ್ಳು ಹೇಳಲ್ಲ. ಐದೂ ಜನರ ಶಾಸ್ತ್ರ ಮುಗಿದ ಮೇಲೆ ತಂಗಿ ಆ ಬಟ್ಟಲು ಇಸಿದುಕೊಂಡು ನನ್ನ ಮುಂದೆ ಹಿಡಿದಳು, "ಅಕ್ಕಾ, ನೀನು ಹಚ್ಚು" ಅಂತ. ಅವಳ ಎರಡು ಸಂಬಂಧ ತಪ್ಪಿಸಿದ ಕೈಯಿಂದಲೇ ಅವಳ ಕೆನ್ನೆಗೆ ಅರಿಶಿನ ಹಚ್ಚಿದೆ.

ನೀವು ಹೇಳಿದ ಆ ಎರಡು ವರ್ಷ ಯಾವ ತಿಂಗಳಿಗೆ ಮುಗಿಯುತ್ತೆ ಅಂತ ನಿಮಗೆ ನೆನಪಿದೆಯೋ ಇಲ್ಲವೋ. ನಿಮ್ಮ ಅಪ್ಪನಿಗೆ ನೆನಪಿರುತ್ತೆ. ಅಷ್ಟರೊಳಗೆ ಅವರು ಏನು ಮಾರಲು ಹೊರಟಿದ್ದಾರೆ, ಯಾರ ಹತ್ತಿರ ಸಾಲ ಕೇಳಿದ್ದಾರೆ, ಈ ವಾರ ಹೋಗಿ ಕೇಳಿ.