ಮೂರನೇ ಅಧ್ಯಾಯದ ಎರಡು ಚುಕ್ಕಿ

ಪಿಎಚ್‌ಡಿಯ ಕೊನೆಯ ಮೌಖಿಕ ಪರೀಕ್ಷೆಯಾದ ಡಿಫೆನ್ಸ್ ಮುಗಿಸಿ ಊರು ಬಿಡುವ ಮುಂಚಿನ ವಾರಗಳಲ್ಲಿ ನನ್ನ ಬಳಿ ಆಪ್ತಸಲಹೆಗೆ ಬರುವವರು ಹೇಳುವ ಮಾತು ಹೆಚ್ಚುಕಮ್ಮಿ ಒಂದೇ: "ಖುಷಿಯಾಗಿರಬೇಕಿತ್ತು, ಆಗ್ತಾ ಇಲ್ಲ." ಮನೆಯವರು ಹೆಸರಿನ ಹಿಂದೆ ಡಾಕ್ಟರ್ ಸೇರಿತು ಎಂದು ಸಿಹಿ ಹಂಚುತ್ತಿರುತ್ತಾರೆ. ಲ್ಯಾಬ್ ಚದುರಿತು ಎಂದು ಅಳುವುದಕ್ಕೆ ಅಲ್ಲಿ ಜಾಗವಿರುವುದಿಲ್ಲ. ಸುತ್ತಲಿನವರು ದುಃಖವೆಂದೇ ಎಣಿಸದ ಇಂಥ ದುಃಖವನ್ನು ಮನಶ್ಶಾಸ್ತ್ರದಲ್ಲಿ ಕೆನೆತ್ ಡೋಕಾ 1980ರ ದಶಕದಲ್ಲೇ ಗುರುತಿಸಿ ಹೆಸರಿಟ್ಟರು. ಮಾನ್ಯತೆ ಸಿಗದ ದುಃಖ ಎಂದು ಅದನ್ನು ಕನ್ನಡದಲ್ಲಿ ಹೇಳಬಹುದು.

ಈ ಪ್ರಕರಣದ ಯುವತಿ ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಆರು ವರ್ಷ ಯೀಸ್ಟ್ ಮೇಲೆ ಕೆಲಸ ಮಾಡಿದವರು. ಬರೆಯಲು ಅವರ ಒಪ್ಪಿಗೆ ಇದೆ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಪಿಎಚ್‌ಡಿ ನಂತರದ ಸಂಶೋಧನೆಗೆ, ಅಂದರೆ ಪೋಸ್ಟ್‌ಡಾಕ್‌ಗೆ, ಜರ್ಮನಿಗೆ ಹೊರಡಲು ಹತ್ತೊಂಬತ್ತು ದಿನ ಬಾಕಿ ಇತ್ತು. ಜೊತೆಯವರಲ್ಲಿ ಒಬ್ಬಳು ಪುಣೆಯ ಕಂಪನಿ ಸೇರಿದ್ದಳು, ಇನ್ನೊಬ್ಬ ಬಾಸ್ಟನ್‌ಗೆ ಹೊರಟಿದ್ದ. ಇಲ್ಲೇ ಉಳಿಯುವವನು ಒಬ್ಬನೇ, ಇವರನ್ನು ಅಕ್ಕ ಎಂದು ಕರೆಯುವ ಜೂನಿಯರ್. ಅವನಿಗೆ ಇನ್ನೂ ಎರಡು ವರ್ಷದ ಕೆಲಸವಿತ್ತು. ಉಳಿದವರಿಗೆಲ್ಲ ವಿದಾಯ ಹೇಳಿ ಆಗಿತ್ತು. ಇವನಿಗೆ ವಾಟ್ಸಾಪ್‌ನಲ್ಲಿ "ಥ್ಯಾಂಕ್ಸ್ ಫಾರ್ ಎವೆರಿಥಿಂಗ್, ಟಚ್‌ನಲ್ಲಿರೋಣ" ಎಂದು ಬರೆಯುವುದು, ಅಳಿಸುವುದು, ಇಷ್ಟೇ ಆಗುತ್ತಿತ್ತು.

ಎರಡನೇ ಭೇಟಿಯಲ್ಲಿ ಅವರೇ ಕೇಳಿದರು: "ಥೀಸಿಸ್‌ನ ಕೃತಜ್ಞತೆ ಪುಟದಲ್ಲಿ ಅವನ ಹೆಸರು ಹಾಕಿದ್ದೀನಲ್ಲ ಮೇಡಂ, ಅಷ್ಟು ಸಾಲದಾ?"

ಆ ಸಾಲನ್ನು ಓದಿ ಹೇಳಿ ಎಂದೆ. ಪ್ರಯೋಗಗಳಲ್ಲಿ ನೆರವಾದದ್ದಕ್ಕೂ ಲ್ಯಾಬ್‌ನ ಒಳ್ಳೆಯ ದಿನಗಳಿಗೂ ಧನ್ಯವಾದ ಎಂದಿತ್ತು. ಹೆಸರು ಬದಲಿಸಿದರೆ ಅದು ಯಾರಿಗಾದರೂ ಹೊಂದುತ್ತಿತ್ತು. "ಯಾವ ಪ್ರಯೋಗ? ಯಾವ ದಿನ?" ಎಂದು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳತೊಡಗಿದರು.

ಯೀಸ್ಟ್ ಎಷ್ಟು ವೇಗದಲ್ಲಿ ಬೆಳೆಯುತ್ತದೆ ಎಂದು ಅಳೆಯಲು ಫ್ಲಾಸ್ಕ್‌ನಿಂದ ಎರಡು ಗಂಟೆಗೊಮ್ಮೆ ಚೂರು ದ್ರವ ತೆಗೆದು, ಅದು ಎಷ್ಟು ಮಬ್ಬಾಗಿದೆ ಎಂದು ಯಂತ್ರದಲ್ಲಿ ನೋಡಬೇಕು. ಒಂದೊಂದು ಅಳತೆಯೂ ಗ್ರಾಫ್‌ನಲ್ಲಿ ಒಂದು ಚುಕ್ಕಿ. ಒಳ್ಳೆಯ ಆಹಾರದಲ್ಲಿ ಯೀಸ್ಟ್ ಸುಮಾರು ಒಂದೂವರೆ ಗಂಟೆಗೆ ದುಪ್ಪಟ್ಟಾಗುತ್ತದೆ. ಗ್ರಾಫ್ ಕಡಿದಾಗಿ ಏರುವ ಹೊತ್ತಿನ ಅಳತೆಗಳೇ ಕೈತಪ್ಪಿದರೆ ವೇಗವನ್ನು ಲೆಕ್ಕ ಹಾಕಲು ಬರುವುದಿಲ್ಲ, ಹಿಂದಿನ ಸಂಜೆಯ ಸಿದ್ಧತೆಯಿಂದ ಮತ್ತೆ ಶುರುಮಾಡಬೇಕು. ಅಂಥ ಒಂದು ರಾತ್ರಿ ಇವರ ತಂದೆಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. "ನೀವು ಹೋಗಿ ಅಕ್ಕ" ಎಂದವನು ರಾತ್ರಿ ಎರಡು ಗಂಟೆಯದ್ದನ್ನೂ ನಾಲ್ಕು ಗಂಟೆಯದ್ದನ್ನೂ ತಾನೇ ತೆಗೆದಿದ್ದ. ಆ ಗ್ರಾಫ್ ಥೀಸಿಸ್‌ಗೆ ಹೋಯಿತು, ಪತ್ರಿಕೆಗೆ ಕಳಿಸಿದ ಪ್ರಬಂಧಕ್ಕೂ ಹೋಯಿತು. ಪ್ರಬಂಧದಲ್ಲಿ ಅವನ ಹೆಸರಿತ್ತು, ಆದರೆ ಲೇಖಕರಲ್ಲಿ ಯಾರು ಏನು ಮಾಡಿದರು ಎಂಬ ಟಿಪ್ಪಣಿಯಲ್ಲಿ ಪ್ರಯೋಗ ಮಾಡಿದವರು ಎಂಬಲ್ಲಿ ಇವರೊಬ್ಬರದೇ ಹೆಸರಿತ್ತು.

"ಮೂರನೇ ಅಧ್ಯಾಯದಲ್ಲಿ ಎರಡು ಚುಕ್ಕಿ ಅವನವು ಮೇಡಂ," ಎಂದರು. "ಅದನ್ನ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಅವನಿಗೂ ಹೇಳಿಲ್ಲ."

ನೀವು ಹುಡುಕುತ್ತಿದ್ದ ವಿದಾಯದ ಮಾತು ಇದೇ, ಬೇರೆ ಹುಡುಕಬೇಡಿ ಎಂದೆ.

ಕ್ಷಮೆ ಕೇಳಲೇ ಎಂಬುದು ಅವರ ಮುಂದಿನ ಪ್ರಶ್ನೆ. ಬೇಡ ಎಂದೆ. ಇದನ್ನು ಒಪ್ಪದ ಸಹೋದ್ಯೋಗಿಗಳಿದ್ದಾರೆ, ಮನಸ್ಸು ಹಗುರಾಗಲಿ ಬಿಡಿ ಎನ್ನುತ್ತಾರೆ. ನನ್ನ ಯೋಚನೆ ಬೇರೆ. ಹೊರಡುವವರಿಗೆ ಹೊಸ ಊರು, ಹೊಸ ಕೆಲಸ ಕಾದಿರುತ್ತವೆ. ಉಳಿಯುವವನಿಗೆ ಸಿಗುವುದು ಪಕ್ಕದ ಖಾಲಿ ಬೆಂಚು. ಹೊರಡುವ ಹೊತ್ತಿಗೆ ಕ್ಷಮೆ ಕೇಳಿದರೆ "ಪರವಾಗಿಲ್ಲ ಅಕ್ಕ" ಎನ್ನದೆ ಅವನಿಗೆ ಬೇರೆ ದಾರಿ ಇರುವುದಿಲ್ಲ. ವಿದಾಯದ ಮಾತು ಉಳಿಯುವವನಿಂದ ಏನನ್ನೂ ಬೇಡಬಾರದು. ತಪ್ಪನ್ನು ಸರಿಪಡಿಸಬಹುದಾದ ಕಡೆ ಸರಿಪಡಿಸಬೇಕು. ಪ್ರಬಂಧ ಇನ್ನೂ ಪರಿಷ್ಕರಣೆಯ ಹಂತದಲ್ಲಿತ್ತು. ಆದ್ದರಿಂದ ಮೊದಲು ಗೈಡ್‌ಗೆ ಇಮೇಲ್ ಬರೆದು, ಆ ಟಿಪ್ಪಣಿಯಲ್ಲಿ ಪ್ರಯೋಗದ ಸಾಲಿಗೆ ಅವನ ಹೆಸರು ಸೇರಿಸಲು ಕೇಳಿ, ಒಪ್ಪಿಗೆ ಬಂದ ಮೇಲೆ ಅವನ ಬಳಿ ಮಾತಾಡಿ ಎಂದೆ. ಪ್ರಕಟವಾದ ಮೇಲೆ ಇದೇ ಕೆಲಸಕ್ಕೆ ಪತ್ರಿಕೆಯವರು ತಿದ್ದುಪಡಿ ಅಚ್ಚುಹಾಕಬೇಕಾಗುತ್ತದೆ.

ಯಾವಾಗ ಹೇಳಬೇಕು ಎಂಬುದೂ ಮುಖ್ಯ. ಡಿಫೆನ್ಸ್ ದಿನದ ಚಹಾ, ಸಮೋಸದ ಗದ್ದಲದಲ್ಲಿ ಪರೀಕ್ಷಕರಿರುತ್ತಾರೆ, ಅಪ್ಪ ಅಮ್ಮ ಇರುತ್ತಾರೆ, ಆಡಿದ ಮಾತು ಯಾರಿಗೂ ನೆನಪಿರುವುದಿಲ್ಲ. ವಿಮಾನ ನಿಲ್ದಾಣದಲ್ಲಂತೂ ಸೂಟ್‌ಕೇಸ್ ತೂಕದ್ದೇ ಚಿಂತೆ. ಡಿಫೆನ್ಸ್ ಕಳೆದು ಒಂದು ವಾರದ ಆಸುಪಾಸು, ನೋ ಡ್ಯೂಸ್ ಫಾರ್ಮ್ ಹಿಡಿದು ಲೈಬ್ರರಿಗೂ ಹಾಸ್ಟೆಲ್ ಆಫೀಸಿಗೂ ಓಡಾಡಲು ಶುರುಮಾಡುವ ಮೊದಲು ಹೇಳುವುದು ಒಳ್ಳೆಯದು. ಲ್ಯಾಬ್‌ನಲ್ಲಿ ಬೇಡ, ಅಲ್ಲಿ ಯಾವುದೋ ಟೈಮರ್ ಕೂಗುತ್ತಲೇ ಇರುತ್ತದೆ. ಕ್ಯಾಂಪಸ್‌ನ ಮರಗಳ ಕೆಳಗೆ ಕಾಲು ಗಂಟೆ ನಡೆಯಿರಿ. ಅಕ್ಕಪಕ್ಕ ನಡೆಯುವಾಗ ಮುಖ ನೋಡಬೇಕಾಗಿಲ್ಲ, ಮಾತು ಸಲೀಸಾಗುತ್ತದೆ.

ಹೇಳಬೇಕಾದ್ದು ಮೂರೇ ಸಂಗತಿ: ಅವನು ಏನು ಮಾಡಿದ, ಅದರಿಂದ ನಿಮಗೇನಾಯಿತು, ಇನ್ನು ಮುಂದೆ ಒಡನಾಟ ಎಷ್ಟಿರುತ್ತದೆ. ಮೊದಲೆರಡಕ್ಕೆ ಅವರು ಹಿಂಜರಿದರು, ನಾಟಕೀಯ ಅನಿಸುತ್ತದೆ ಎಂದರು. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದೇ ಹಿಂಜರಿಕೆಯ ಮೇಲೆ ನಡೆದಂಥವು. ಕೃತಜ್ಞತೆಯ ಪತ್ರ ಬರೆದವರು ಓದುವವರಿಗೆ ಎಷ್ಟು ಮುಜುಗರವಾದೀತು ಎಂದು ಊಹಿಸಿದ್ದರೋ ಅಷ್ಟು ಆಗಿರಲಿಲ್ಲ, ಓದಿದವರ ಸಂತೋಷ ಮಾತ್ರ ಬರೆದವರ ಊಹೆಗಿಂತ ಹೆಚ್ಚಿತ್ತು.

ಮೂರನೆಯದು ಕಷ್ಟ. ನಾವು ಕನ್ನಡದವರು "ಹೋಗ್ತೀನಿ" ಅನ್ನುವುದಿಲ್ಲ, "ಹೋಗಿ ಬರ್ತೀನಿ" ಅನ್ನುತ್ತೇವೆ. ಮನೆಯ ಹೊಸಿಲಿನಲ್ಲಿ ಅದು ಸರಿಯಾದ ಮಾತು, ಏಕೆಂದರೆ ಮನೆ ಅಲ್ಲೇ ಇರುತ್ತದೆ. ಲ್ಯಾಬ್ ಹಾಗಲ್ಲ, ಮುಂದಿನ ಆಗಸ್ಟ್‌ಗೆ ಆ ಬೆಂಚಿಗೆ ಹೊಸ ವಿದ್ಯಾರ್ಥಿ ಬರುತ್ತಾನೆ. "ಟಚ್‌ನಲ್ಲಿರೋಣ" ಎಂದು ಬಿಟ್ಟರೆ ಯಾರು ಮೊದಲು ಫೋನ್ ಮಾಡಬೇಕು ಎಂಬುದೇ ತೀರ್ಮಾನವಾಗದೆ ಇಬ್ಬರೂ ಕಾಯುತ್ತಾರೆ. ಹಾಗಾಗಿ ಉಳಿಸಿಕೊಳ್ಳಬಹುದಾದಷ್ಟನ್ನೇ ಹೇಳಿ ಎಂದೆ. ಇವರು ಆರಿಸಿಕೊಂಡದ್ದು ತಿಂಗಳ ಮೊದಲ ಶನಿವಾರ, ಬೆಂಗಳೂರಿನ ಸಂಜೆ ಏಳೂವರೆ. ಜರ್ಮನಿಯಲ್ಲಿ ಆಗ ಚಳಿಗಾಲದಲ್ಲಿ ಮಧ್ಯಾಹ್ನ ಮೂರು, ಬೇಸಿಗೆಯಲ್ಲಿ ನಾಲ್ಕು. ಅಲ್ಲಿ ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಬದಲಾಗುತ್ತದೆ, ಇಲ್ಲಿ ಬದಲಾಗುವುದಿಲ್ಲ. ಆದ್ದರಿಂದ ಇಲ್ಲಿನ ಸಮಯಕ್ಕೇ ಕಟ್ಟಿಕೊಳ್ಳಬೇಕು, ಫೋನ್ ಮಾಡುವ ಹೊಣೆ ಹೋದವರದ್ದು.

ಈ ಸಲಹೆ ಎಲ್ಲರಿಗೂ ಅಲ್ಲ. ಕಿರುಕುಳ ಕೊಟ್ಟವರಿಗೆ ವಿದಾಯದ ಮಾತಿನ ಸಾಲವಿರುವುದಿಲ್ಲ. ಎರಡು ವಾರ ದಾಟಿದರೂ ನಿದ್ದೆ, ಊಟ ಹದಕ್ಕೆ ಬರದಿದ್ದರೆ ವೈದ್ಯರನ್ನು ಕಾಣಬೇಕು, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕು.

ಹೊರಡುವ ನಾಲ್ಕು ದಿನ ಮೊದಲು ಅವರು ಕೊನೆಯ ಭೇಟಿಗೆ ಬಂದರು. ಗೈಡ್ ಒಪ್ಪಿದ್ದರು, ಟಿಪ್ಪಣಿಯಲ್ಲಿ ಹೆಸರು ಸೇರಿತ್ತು. ನಡೆಯುತ್ತಾ ಆ ರಾತ್ರಿಯ ಮಾತು ತೆಗೆದು, ಆ ಎರಡು ಚುಕ್ಕಿ ನಿನ್ನವು ಎಂದಾಗ ಅವನು ಹೇಳಿದ್ದನಂತೆ: "ಎರಡಲ್ಲ ಅಕ್ಕ, ಮೂರು. ಆರು ಗಂಟೆದೂ ನಾನೇ ತೆಗೆದೆ. ನೀವು ಬಂದಾಗ ಏಳಾಗಿತ್ತು."