ಆಪ್ತಸಲಹೆ ಪ್ರಕರಣ: ಐದು ನಿಮಿಷದ ಸ್ವಪರಿಚಯಕ್ಕೆ ಹನ್ನೊಂದು ಕೊಳವೆಬಾವಿ

ಕೋಲಾರ ಜಿಲ್ಲೆಯ ಹಳ್ಳಿಯೊಂದರ ವಿದ್ಯಾರ್ಥಿನಿ. ಬಿ.ಎಸ್‌ಸಿ. ಕೊನೆಯ ವರ್ಷ, ಮುಖ್ಯ ವಿಷಯ ರಸಾಯನಶಾಸ್ತ್ರ. ಎಂ.ಎಸ್‌ಸಿ. ಓದಿಗೆ ವಿದ್ಯಾರ್ಥಿವೇತನ ಕೊಡುವ ಟ್ರಸ್ಟ್ ಒಂದು ಆಕೆಯನ್ನು ಸಂದರ್ಶನಕ್ಕೆ ಕರೆದಿತ್ತು. ಮೊದಲು ಐದು ನಿಮಿಷ ಸ್ಲೈಡ್ ಇಟ್ಟುಕೊಂಡು ತನ್ನ ಪರಿಚಯ ಹೇಳಬೇಕು, ಆಮೇಲೆ ಹತ್ತು ನಿಮಿಷ ಪ್ರಶ್ನೆ. ಕನ್ನಡದಲ್ಲೂ ಮಾತಾಡಬಹುದಿತ್ತು, ಆಕೆ ಅದನ್ನೇ ಆರಿಸಿಕೊಂಡಿದ್ದಳು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ತಂದಿದ್ದ ಕರಡಿನಲ್ಲಿ 14 ಸ್ಲೈಡ್ ಇದ್ದವು. ಹೆಸರು, ಊರು, ಅಪ್ಪ ಅಮ್ಮನ ಕೆಲಸ, ಎಸ್‌ಎಸ್‌ಎಲ್‌ಸಿ ಅಂಕ, ಪಿಯುಸಿ ಅಂಕ, ಎನ್‌ಎಸ್‌ಎಸ್ ಶಿಬಿರ, ಭಾಷಣ ಸ್ಪರ್ಧೆಯ ಬಹುಮಾನ, ಹವ್ಯಾಸ, ನನ್ನ ಶಕ್ತಿ, ನನ್ನ ದೌರ್ಬಲ್ಯ, ಗುರಿ, ಧನ್ಯವಾದ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಸಿದಾಗ 7 ನಿಮಿಷ 10 ಸೆಕೆಂಡ್ ಆಯಿತು. "ಎಲ್ಲಾನೂ ಹೇಳ್ಬೇಕು ಮೇಡಂ, ಯಾವುದಕ್ಕೆ ಮಾರ್ಕ್ಸ್ ಕೊಡ್ತಾರೋ ಗೊತ್ತಿಲ್ಲ" ಎಂಬುದು ಆಕೆಯ ಆತಂಕ. ಆ ಆತಂಕಕ್ಕೆ ಉತ್ತರ ಆಕೆ ತುಂಬಿದ್ದ ಅರ್ಜಿಯಲ್ಲೇ ಇತ್ತು. ಅಂಕ, ಆದಾಯ ಪ್ರಮಾಣಪತ್ರ, ಬಹುಮಾನ ಎಲ್ಲವೂ ಅದರಲ್ಲಿ ಬಂದಿವೆ, ಸಮಿತಿಯವರ ಮುಂದೆ ಅದೇ ಫೈಲ್ ಇರುತ್ತದೆ. ಫೈಲ್‌ನಲ್ಲಿ ಕಾಣದ್ದು ಒಂದೇ: ಕಷ್ಟದ ಕೆಲಸವೊಂದು ಎದುರಾದಾಗ ಈ ಹುಡುಗಿ ಹೇಗೆ ಯೋಚಿಸುತ್ತಾಳೆ ಎಂಬುದು. ಐದು ನಿಮಿಷ ಅದಕ್ಕೇ ಮೀಸಲು.

ಯಾವ ಕಥೆ ಎಂಬುದು ಮೊದಲ ತೀರ್ಮಾನ. ಮೂರು ಪ್ರಶ್ನೆ ಇಟ್ಟುಕೊಂಡು ನೋಡಿದೆವು. ಅದರಲ್ಲಿ ನೀನು ಸ್ವತಃ ತೆಗೆದುಕೊಂಡ ನಿರ್ಧಾರ ಇದೆಯೇ? ತೋರಿಸಲು ಏನಾದರೂ ಸಾಕ್ಷ್ಯ ಇದೆಯೇ? ಮುಂದೆ ಓದಬೇಕೆಂದಿರುವ ವಿಷಯಕ್ಕೆ ಅಲ್ಲಿಂದ ದಾರಿ ಇದೆಯೇ? ಭಾಷಣದ ಬಹುಮಾನ ಮೂರನೆಯದರಲ್ಲಿ ಸೋತಿತು, ಶಿಬಿರ ಮೊದಲನೆಯದರಲ್ಲೇ ಬಿತ್ತು. ಅಪ್ಪನ ಕಾಯಿಲೆಯ ವಿಚಾರವನ್ನು ಬಿಡಲು ಆಕೆಗೆ ಮನಸ್ಸಿರಲಿಲ್ಲ, ಅದು ಸಹಜ. ಆದರೆ ಆ ಕಥೆಯಲ್ಲಿ ನಡೆದದ್ದೆಲ್ಲ ಆಕೆಯ ಮೇಲೆ ಬಂದದ್ದು, ಆಕೆ ಮಾಡಿದ್ದು ಕಡಿಮೆ. ಹೇಳುತ್ತಾ ಗಂಟಲು ಕಟ್ಟುತ್ತಿತ್ತು. ಕೇಳುವವರು ಮರುಗುತ್ತಾರೆಯೇ ಹೊರತು, ಅವರಿಗೆ ಕೇಳಲು ಪ್ರಶ್ನೆಯೇ ಹುಟ್ಟುವುದಿಲ್ಲ. ಅದನ್ನು ಒಂದೇ ವಾಕ್ಯಕ್ಕೆ ಇಳಿಸಿದೆವು: "ಅಪ್ಪನಿಗೆ ಹುಷಾರಿಲ್ಲದ್ದರಿಂದ ಎರಡು ವರ್ಷದಿಂದ ಮನೆಯ ಲೆಕ್ಕವನ್ನೂ ನಾನೇ ನೋಡುತ್ತಿದ್ದೇನೆ."

ಮೂರೂ ಪ್ರಶ್ನೆಗೆ ನಿಂತದ್ದು, ಆಕೆ 11ನೇ ಸ್ಲೈಡ್‌ನ ಮೂಲೆಯಲ್ಲಿ 'ಪ್ರಾಜೆಕ್ಟ್' ಎಂದು ಒಂದು ಸಾಲು ಬರೆದಿದ್ದ ವಿಷಯ. ಊರಿನ ಮತ್ತು ಸುತ್ತಲಿನ 11 ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಆಕೆ ಕಾಲೇಜಿನ ಲ್ಯಾಬ್‌ನಲ್ಲಿ ಅಳೆದಿದ್ದಳು. ಬಣ್ಣ ಎಷ್ಟು ತಿಳಿಯಾಗುತ್ತದೆ ಎಂಬುದರಿಂದ ಫ್ಲೋರೈಡ್ ತಿಳಿಯುವ ಸ್ಪ್ಯಾಡ್ನ್ಸ್ ವಿಧಾನ ಅದು. ಮೂರು ಬಾವಿಗಳ ನೀರು ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಿತು, ಲೀಟರಿಗೆ 1.4 ಮಿಲಿಗ್ರಾಂ ಆಸುಪಾಸು. ಬೇರೆ ಬೇರೆ ಆಳದ ಮೂರು ಬಾವಿ ಒಂದೇ ಲೆಕ್ಕ ಕೊಡುವುದೇ? ಆಕೆಗೆ ಅನುಮಾನ ಬಂತು. ಆ ವಿಧಾನ ಸರಿಯಾಗಿ ಅಳೆಯುವುದು ಸುಮಾರು 1.4ರವರೆಗೆ ಮಾತ್ರ, ಅದಕ್ಕಿಂತ ಹೆಚ್ಚಿದ್ದರೆ ನೀರನ್ನು ತೆಳುಮಾಡಿ ಅಳೆಯಬೇಕು. ಸಮಪ್ರಮಾಣ ಡಿಸ್ಟಿಲ್ಡ್ ವಾಟರ್ ಬೆರೆಸಿ ಮತ್ತೆ ಅಳೆದು ಎರಡರಿಂದ ಗುಣಿಸಿದಾಗ 2.1, 2.4, 2.6 ಬಂತು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ 1.0 ಮೀರಬಾರದು, ಬೇರೆ ನೀರೇ ಸಿಗದಿದ್ದರೆ ಮಾತ್ರ 1.5ರವರೆಗೆ ಒಪ್ಪಬಹುದು. ಅಂದರೆ 'ಅಂಚಿನಲ್ಲಿದೆ' ಎನಿಸಿದ್ದ ನೀರು ನಿಜಕ್ಕೂ ಮಿತಿಯನ್ನು ತುಂಬಾ ದಾಟಿತ್ತು.

ಯಂತ್ರ ತೋರಿಸಿದ ಅಂಕಿಯನ್ನು ನಂಬದೆ ಮತ್ತೆ ಅಳೆದದ್ದೇ ಈ ಕಥೆಯ ತಿರುವು. ಅದು ಸಿಕ್ಕ ಮೇಲೆ ಸಮಯದ ಹಂಚಿಕೆ ತಾನಾಗಿ ಕೂತಿತು.

ಆಕೆಯ ಸಹಜ ಮಾತಿನ ವೇಗ ನಿಮಿಷಕ್ಕೆ ಸುಮಾರು 90 ಪದ. ಐದು ನಿಮಿಷಕ್ಕೆ 450 ಎಂದು ಬರೆದರೆ ಉಸಿರಾಡಲು ಜಾಗವಿರುವುದಿಲ್ಲ, ಆದ್ದರಿಂದ 400 ಪದ, ನಾಲ್ಕೂವರೆ ನಿಮಿಷ ಎಂದು ನಿಗದಿಮಾಡಿದೆವು. ಮೊದಲ 30 ಸೆಕೆಂಡ್ ನೇರವಾಗಿ ಲ್ಯಾಬ್‌ಗೆ: "ಮೂರು ಬಾವಿ, ಮೂರು ಆಳ, ಆದರೆ ಒಂದೇ ಉತ್ತರ. ಇದು ಸರಿಯಿಲ್ಲ ಅನ್ನಿಸಿತು." ಹೆಸರು, ಕಾಲೇಜು, ಊರು, ಮನೆ, ಈ ಕೆಲಸ ಯಾಕೆ ಹಿಡಿದೆ ಎಂಬುದೆಲ್ಲ ಇದರ ನಂತರ 45 ಸೆಕೆಂಡಿನಲ್ಲಿ. ಮುಂದಿನ ಎರಡು ನಿಮಿಷ ಪೂರ್ತಿ ಅಳತೆ, ಅನುಮಾನ, ಮರು ಅಳತೆ. ಫಲಿತಾಂಶವನ್ನು ಪಂಚಾಯಿತಿಗೆ ಕೊಟ್ಟದ್ದು 35 ಸೆಕೆಂಡ್. ಕೊನೆಯ 40 ಸೆಕೆಂಡ್, ಎಂ.ಎಸ್‌ಸಿ.ಯಲ್ಲಿ ವಿಶ್ಲೇಷಣಾ ರಸಾಯನಶಾಸ್ತ್ರವೇ ಯಾಕೆ, ವಿದ್ಯಾರ್ಥಿವೇತನದ ಹಣ ಯಾವುದಕ್ಕೆ.

ಎರಡನೇ ರೆಕಾರ್ಡಿಂಗ್ 5 ನಿಮಿಷ 50 ಸೆಕೆಂಡ್ ಬಂತು. ಎಲ್ಲಿ ಸೋರಿತು ಎಂದು ಕೇಳಿಸಿಕೊಂಡಾಗ ಗೊತ್ತಾಯಿತು: ಹಿನ್ನೆಲೆ ಒಂದೇ ಎರಡು ನಿಮಿಷ ತಿಂದಿತ್ತು. ಫ್ಲೋರೋಸಿಸ್ ಎಂದರೇನು, ಕೋಲಾರದ ಅಂತರ್ಜಲ ಯಾಕೆ ಹೀಗಾಯಿತು ಎಂಬ ಪಾಠ ಸೇರಿಕೊಂಡಿತ್ತು. ಬಹುತೇಕ ವಿದ್ಯಾರ್ಥಿಗಳು ಜಾರುವುದು ಇಲ್ಲೇ, ತನ್ನ ಪರಿಚಯ ಹೋಗಿ ಸಮಸ್ಯೆಯ ಪರಿಚಯವಾಗುತ್ತದೆ. ಅಷ್ಟನ್ನೂ ತೆಗೆದು "ಈ ನೀರು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆ ಹಾಳಾಗುತ್ತವೆ" ಎಂಬ ಒಂದು ಮಾತು ಉಳಿಸಿದೆವು. ಉಳಿದದ್ದು ಬೇಕಾದರೆ ಅವರೇ ಕೇಳುತ್ತಾರೆ.

ಇನ್ನೊಂದು ತೊಡಕು 'ನಾವು'. ಸಂಕೋಚದಿಂದ ಆಕೆ ಎಲ್ಲಕ್ಕೂ "ನಾವು ಮಾಡಿದೆವು" ಎನ್ನುತ್ತಿದ್ದಳು. ಕೇಳುವವರಿಗೆ ಆಕೆಯ ಪಾಲು ಎಷ್ಟೆಂದೇ ತಿಳಿಯುವುದಿಲ್ಲ. ನೀರು ತರಲು ಗೆಳತಿ ಜೊತೆಯಾದಳು, ಮೇಷ್ಟ್ರು ವಿಧಾನ ಕಲಿಸಿದರು ಎಂದು ಒಮ್ಮೆ ಸ್ಪಷ್ಟವಾಗಿ ಹೇಳಿಬಿಡಬೇಕು. ಆಮೇಲೆ ತೆಳುಮಾಡಿದ್ದು, ಮತ್ತೆ ಅಳೆದದ್ದು, ವರದಿ ಬರೆದದ್ದು ಎಲ್ಲಕ್ಕೂ 'ನಾನು' ಎಂದೇ ಇರಬೇಕು. ಇದರಲ್ಲಿ ಅಹಂಕಾರವೇನೂ ಇಲ್ಲ.

ಸ್ಲೈಡ್ ನಾಲ್ಕಕ್ಕೆ ಇಳಿದವು: ಬಾವಿಯ ಹತ್ತಿರ ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬುತ್ತಿರುವ ಒಂದು ಫೋಟೊ, ಕೈಯಲ್ಲಿ ಬರೆದ ಊರಿನ ನಕ್ಷೆ, ಮೊದಲ ಅಳತೆ ಮತ್ತು ಮರು ಅಳತೆಯ ಪುಟ್ಟ ಕೋಷ್ಟಕ, ಮುಂದಿನ ಓದಿನ ಯೋಜನೆ. 'ಧನ್ಯವಾದ' ಸ್ಲೈಡ್ ತೆಗೆಸಿದೆವು. ಪ್ರಶ್ನೆಯ ಹೊತ್ತಿನಲ್ಲಿ ಪರದೆಯ ಮೇಲೆ ಕೋಷ್ಟಕ ಇದ್ದರೆ ಪ್ರಶ್ನೆಗಳೂ ಅದರ ಸುತ್ತ ಬರುತ್ತವೆ, ಆದ್ದರಿಂದ ಮಾತು ಮುಗಿದ ಮೇಲೆ ಮೂರನೇ ಸ್ಲೈಡ್‌ಗೆ ಮರಳಿ ನಿಲ್ಲಲು ಹೇಳಿದೆವು.

ಪೂರ್ತಿ ಬಾಯಿಪಾಠ ಬೇಡ ಎಂದೂ ಹೇಳಿದೆವು. ಕಂಠಪಾಠ ಮಾಡಿದವರು ಒಂದು ಪದ ತಪ್ಪಿದರೂ ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಮೊದಲ ಎರಡು ವಾಕ್ಯ ಮತ್ತು ಕೊನೆಯ ಒಂದು ವಾಕ್ಯ ಮಾತ್ರ ಅಕ್ಷರಶಃ ಬಾಯಲ್ಲಿರಬೇಕು, ನಡುವೆ ಐದು ಸೂಚಕ ಪದ ಸಾಕು: ಬಾಟಲಿ, ಬಣ್ಣ, ಅನುಮಾನ, ತೆಳು, ಪಂಚಾಯಿತಿ. ನಾಲ್ಕನೇ ನಿಮಿಷಕ್ಕೆ ಗಂಟೆ ಬಾರಿಸಿದಾಗ ಇನ್ನೂ ಮರು ಅಳತೆಯಲ್ಲೇ ಇದ್ದರೆ, ಪಂಚಾಯಿತಿಯ ಭಾಗ ಬಿಟ್ಟು ನೇರ ಓದಿನ ಯೋಜನೆಗೆ ಹೋಗಬೇಕು.

ಕೊನೆಗೆ ಉಳಿದದ್ದು ಒಂದು ವಾಕ್ಯ. "ಇದರಿಂದ ನಮ್ಮೂರಿನ ನೀರಿನ ಸಮಸ್ಯೆ ಬಗೆಹರಿಯಿತು" ಎಂದು ಆಕೆ ಬರೆದಿದ್ದಳು. ನಡೆದದ್ದೇನು ಎಂದು ಕೇಳಿದಾಗ, ಪಂಚಾಯಿತಿಯವರು ಎರಡು ಬಾವಿಗಳ ಹತ್ತಿರ 'ಕುಡಿಯಲು ಅಲ್ಲ' ಎಂದು ಬರೆಸಿದ್ದಾರೆ, ಮೂರನೆಯದನ್ನು ಜನ ಈಗಲೂ ಬಳಸುತ್ತಿದ್ದಾರೆ ಎಂದಳು. ಹಾಗೇ ಹೇಳಲು ಸೂಚಿಸಿದೆವು. ಹಿಗ್ಗಿಸಿದ ಮಾತು ಎರಡನೇ ಪ್ರಶ್ನೆಗೇ ಕುಸಿಯುತ್ತದೆ, ಮೂರನೇ ಬಾವಿಯ ಮಾತಾದರೆ "ಹಾಗಾದರೆ ಈಗ ಏನು ಮಾಡುತ್ತೀಯಮ್ಮ?" ಎಂಬ ಪ್ರಶ್ನೆ ತರುತ್ತದೆ. ಮಳೆಗಾಲದ ಮೊದಲು ಮತ್ತು ನಂತರ ಅದೇ ಬಾವಿಯನ್ನು ಮತ್ತೆ ಅಳೆಯುವ ಯೋಜನೆ ಆಕೆಯ ನೋಟ್‌ಬುಕ್‌ನಲ್ಲಿ ಆಗಲೇ ಇತ್ತು. ಆ ಉತ್ತರವನ್ನು ಒಂದು ನಿಮಿಷದಲ್ಲಿ ಹೇಳುವ ಅಭ್ಯಾಸ ಮಾಡಿಸಿ ಕಳಿಸಿದೆವು.